ಬಂಗುಡೆ ಬಂದಿದೆ, ಹನ್ನೊಂದೂವರೆಯೊಳಗೆ ಬನ್ನಿ

ಬೆಳಿಗ್ಗೆ ಎಂಟೂವರೆಗೆ ನಮ್ಮ ಪೇಟೆಯ ಮೀನಂಗಡಿ ಮುಂದೆ ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ನಸುಕಿನಲ್ಲಿ ಮಲ್ಪೆ ಬಿಟ್ಟು ಆಗುಂಬೆ ಘಾಟಿ ಹತ್ತಿ ಬಂದ ಗಾಡಿ. ಐಸು ಕೆಡವಿ, ಮೀನನ್ನು ಟ್ರೇಗೆ ಸುರಿಯುವಷ್ಟರಲ್ಲಿ ಅಂಗಡಿಯ ಹುಡುಗ ಕೈ ಒರೆಸಿಕೊಂಡು ಮೊಬೈಲು ತೆಗೆಯುತ್ತಾನೆ. ಬಂಗುಡೆಯ ಟ್ರೇ ಒಂದು ಫೋಟೊ, ಅಂಜಲ್ ಒಂದು ಫೋಟೊ, ಸಿಗಡಿ ಒಂದು. ಮೇಲೆ ತಾರೀಕು, ಕೆ.ಜಿ.ಗೆ ಎಷ್ಟು ಅನ್ನುವುದು. ಎರಡು ನಿಮಿಷದೊಳಗೆ ಅದು ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಇರುತ್ತದೆ. ಒಂಬತ್ತಕ್ಕೆ ಮೊದಲ ಮೆಸೇಜು: ‘ಅಣ್ಣ, ಒಂದು ಕೆ.ಜಿ. ಬಂಗುಡೆ ತೆಗೆದಿಡಿ.’

ಘಟ್ಟದ ಮೇಲಿನ ಊರಿನಲ್ಲಿ ಮೀನು ಮಾರುವವನ ಕಷ್ಟ ದಿನಸಿ ಅಂಗಡಿಯವನಿಗೆ ಅರ್ಥವಾಗುವುದಿಲ್ಲ. ಅವನ ಸಕ್ಕರೆ, ಬೇಳೆ ನಾಳೆಯೂ ಅದೇ ಸಕ್ಕರೆ, ಬೇಳೆ. ಇಲ್ಲಿ ಯಾವ ಮೀನು ಬರುತ್ತದೆ ಎಂದು ಹಿಂದಿನ ರಾತ್ರಿ ಹೇಳಲಾಗದು, ರೇಟು ಬಂದರಿನ ಹರಾಜಿನಲ್ಲಿ ಬೆಳಗಾಗುವಾಗ ನಿಗದಿಯಾಗುತ್ತದೆ, ಸಂಜೆಗೆ ಉಳಿದದ್ದು ನಷ್ಟ. ಮೊದಲೆಲ್ಲ ಗಿರಾಕಿಗಳು ಒಬ್ಬೊಬ್ಬರಾಗಿ ಫೋನು ಮಾಡಿ ‘ಇವತ್ತು ಏನು ಬಂದಿದೆ?’ ಎಂದು ಕೇಳುತ್ತಿದ್ದರು. ಮೀನು ಕೊಯ್ಯುವ ಕೈಯಲ್ಲಿ ಎಷ್ಟು ಫೋನು ಎತ್ತುವುದು? 2017ರ ಫೆಬ್ರವರಿಯಲ್ಲಿ ವಾಟ್ಸ್ಯಾಪಿಗೆ ಈಗಿನ ಬಗೆಯ ಸ್ಟೇಟಸ್ ಬಂತು. ಇಪ್ಪತ್ನಾಲ್ಕು ಗಂಟೆ ಇದ್ದು ತಾನಾಗಿ ಅಳಿದುಹೋಗುವ ಫೋಟೊ ಅಥವಾ ವಿಡಿಯೊ. ಹುಟ್ಟುಹಬ್ಬದ ಕೇಕು, ಪ್ರವಾಸದ ಚಿತ್ರ ಹಾಕಲೆಂದು ಬಂದ ಇದು ದಿನ ಕಳೆದರೆ ಹಾಳಾಗುವ ಸರಕಿನವರಿಗೆ ಹೇಳಿ ಮಾಡಿಸಿದ ಹಾಗೆ ಒದಗಿತು.

ಹಾಗಂತ ಎಲ್ಲರಿಗೂ ಒದಗಲಿಲ್ಲ. ಈ ಅಂಗಡಿಯ ಯಜಮಾನರೇ ಒಂದು ವರ್ಷ ಸ್ಟೇಟಸ್ ಹಾಕಿ, ‘ಪ್ರಯೋಜನ ಇಲ್ಲ ಸಾರ್, ಬರೀ ಟೈಮ್ ವೇಸ್ಟ್’ ಎಂದು ಬಿಟ್ಟುಬಿಟ್ಟಿದ್ದರು. ಅವರ ಫೋನಿನಲ್ಲಿ ಗಿರಾಕಿಗಳದೇ ಸುಮಾರು ಆರು ನೂರು ನಂಬರು ಇದ್ದವು. ಸ್ಟೇಟಸ್ ನೋಡುತ್ತಿದ್ದವರು ದಿನಕ್ಕೆ ಅರವತ್ತು, ಎಪ್ಪತ್ತು ಜನ. ಅದರಲ್ಲೂ ಅರ್ಧ ನೆಂಟರು. ಫೋಟೊ ಚೆನ್ನಾಗಿಲ್ಲವೇನೋ ಎಂದು ಹೊಸ ಫೋನು ಕೊಂಡರು. ಅದೂ ಎಪ್ಪತ್ತೇ.

ಹುಳುಕು ಫೋಟೊದಲ್ಲಿ ಇರಲಿಲ್ಲ. ನಿಮ್ಮ ಸ್ಟೇಟಸ್ ಒಬ್ಬರಿಗೆ ಕಾಣಬೇಕಾದರೆ ಅವರ ನಂಬರು ನಿಮ್ಮ ಫೋನಿನಲ್ಲಿ ಸೇವ್ ಆಗಿರಬೇಕು; ಅಷ್ಟೇ ಸಾಲದು, ನಿಮ್ಮ ನಂಬರೂ ಅವರ ಫೋನಿನಲ್ಲಿ ಸೇವ್ ಆಗಿರಬೇಕು. ಅಂಗಡಿಯವರು ಮೊದಲನೆಯದನ್ನು ಮಾತ್ರ ಮಾಡಿಕೊಂಡಿದ್ದರು. ಗಿರಾಕಿ ನಾಲ್ಕು ವರ್ಷದಿಂದ ವಾಟ್ಸ್ಯಾಪಿನಲ್ಲೇ ಆರ್ಡರ್ ಕೊಡುತ್ತಿರಬಹುದು, ಹಣವನ್ನೂ ಕಳಿಸುತ್ತಿರಬಹುದು, ಆದರೂ ಆ ನಂಬರಿಗೊಂದು ಹೆಸರು ಕೊಟ್ಟು ಸೇವ್ ಮಾಡದಿದ್ದರೆ ಅವರ ಪಾಲಿಗೆ ಸ್ಟೇಟಸ್ ಇಲ್ಲವೇ ಇಲ್ಲ. ಚಾಟ್ ಇದೆ ಅಂದಮಾತ್ರಕ್ಕೆ ಸೇವ್ ಆಗಿದೆ ಎಂದಲ್ಲ. ಆರು ನೂರು ಹೆಸರಿನ ಪಟ್ಟಿ ನೋಡಿ ಖುಷಿಪಡುವ ಅಂಗಡಿಯವನಿಗೆ ಗೊತ್ತಿರಬೇಕಾದದ್ದು ಇನ್ನೊಂದು ಪಟ್ಟಿ: ತನ್ನನ್ನು ಸೇವ್ ಮಾಡಿಕೊಂಡವರು ಎಷ್ಟು ಜನ? ಆ ಪಟ್ಟಿ ಮಾತ್ರ ಫೋನಿನಲ್ಲಿ ಎಲ್ಲೂ ಕಾಣುವುದಿಲ್ಲ.

ಕಾಣುವುದಿಲ್ಲವಾದರೂ ಅಂದಾಜು ಮಾಡಲು ಒಂದು ದಾರಿ ಇದೆ. ವಾಟ್ಸ್ಯಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್‌ಗೂ ಇದೇ ನಿಯಮ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಿ ಒಂದೇ ಮೆಸೇಜು ಕಳಿಸಿದರೆ, ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಎರಡು ದಿನ ಬಿಟ್ಟು ಆ ಮೆಸೇಜನ್ನು ಒತ್ತಿ ಹಿಡಿದು Info ನೋಡಿದರೆ, ಯಾರಿಗೆ ತಲುಪಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ನಮ್ಮ ಅಂಗಡಿಯವರು ಆರು ನೂರು ಜನರನ್ನು ಮೂರು ಪಟ್ಟಿ ಮಾಡಿ, ಹಬ್ಬದ ರಜೆ ಯಾವತ್ತು ಎಂದು ಒಂದೇ ಒಂದು ಮೆಸೇಜು ಹಾಕಿದರು. ದುಂಡು ಲೆಕ್ಕದಲ್ಲಿ ಹೇಳುವುದಾದರೆ ತಲುಪಿದ್ದು ನೂರೈವತ್ತು ಜನಕ್ಕೆ. ಫೋನು ಆಫ್ ಮಾಡಿದವರು, ನಂಬರು ಬದಲಿಸಿದವರು, ಬ್ಲಾಕ್ ಮಾಡಿದವರು ಉಳಿದವರಲ್ಲಿ ಕೆಲವರು ಇದ್ದಾರು. ಎಷ್ಟು ಕಳೆದರೂ ನಾಲ್ಕು ನೂರಕ್ಕೂ ಹೆಚ್ಚು ಜನ ಅಂಗಡಿಯನ್ನು ಸೇವ್ ಮಾಡಿಕೊಂಡಿರಲಿಲ್ಲ. ನೂರೈವತ್ತರಲ್ಲಿ ಎಪ್ಪತ್ತು ಜನ ದಿನಾ ನೋಡುವುದು ಕಡಿಮೆಯೇನಲ್ಲ. ಇಷ್ಟು ದಿನ ಅವರು ದೂರುತ್ತಿದ್ದದ್ದು ತಪ್ಪು ಸಂಖ್ಯೆಯನ್ನು.

ಹೀಗಾಗಿ ಸ್ಟೇಟಸ್ಸಿನ ಮುಕ್ಕಾಲು ಕೆಲಸ ನಡೆಯುವುದು ಗಲ್ಲಾಪೆಟ್ಟಿಗೆಯ ಹತ್ತಿರ, ಗಿರಾಕಿ ಮೀನು ಕೊಯ್ಯಲು ಕೊಟ್ಟು ಕಾಯುವ ಐದು ನಿಮಿಷದಲ್ಲಿ. ಅಂಗಡಿಯವನೇ ನಂಬರು ಕೇಳಿ ಮೆಸೇಜು ಕಳಿಸಿದರೆ ಗಿರಾಕಿಯ ಪರದೆಯ ಮೇಲೆ ಗುರುತಿಲ್ಲದ ನಂಬರು ಎಂದು ಬಂದು, ಸೇವ್ ಮಾಡುವ ಗುಂಡಿಯ ಪಕ್ಕದಲ್ಲೇ Block ಎನ್ನುವುದೂ ಕಾಣುತ್ತದೆ. ಹತ್ತು ಜನ ಅದನ್ನೇ ಒತ್ತಿದರೆ, ಅಥವಾ ರಿಪೋರ್ಟ್ ಮಾಡಿದರೆ, ಅಂಗಡಿಯ ವಾಟ್ಸ್ಯಾಪೇ ಬಂದ್ ಆಗುವ ಅಪಾಯ ಇದೆ. ಅದಕ್ಕೇ ಇಲ್ಲಿ ಕ್ರಮ ಉಲ್ಟಾ. ಗೋಡೆಯ ಮೇಲೆ ಅಂಗಡಿಯ ನಂಬರು ದಪ್ಪಕ್ಷರದಲ್ಲಿದೆ, ಜೊತೆಗೆ ಯಾವ ಹೆಸರಿನಲ್ಲಿ ಸೇವ್ ಮಾಡಬೇಕು ಎಂಬುದೂ. ‘ಮೊದಲು ಈ ಹೆಸರಲ್ಲಿ ಸೇವ್ ಮಾಡಿ ಅಕ್ಕ, ಆಮೇಲೆ ನಮಗೊಂದು ಮೆಸೇಜ್ ಹಾಕಿ, ದಿನಾ ಏನು ಬಂತು ಅಂತ ಕಾಣ್ತದೆ’ ಎನ್ನುತ್ತಾನೆ ಹುಡುಗ. ಮೆಸೇಜು ಬಂದ ಕೂಡಲೇ ಅಲ್ಲೇ ಅವರ ಹೆಸರು ಬರೆದು ತಾನೂ ಸೇವ್ ಮಾಡುತ್ತಾನೆ. ಆಮೇಲೆ ಮಾಡಿದರಾಯಿತು ಎಂದು ಬಿಟ್ಟದ್ದು ಯಾವತ್ತೂ ಆಗುವುದಿಲ್ಲ ಎಂಬುದು ಅವನು ಕಲಿತ ಪಾಠ.

ಹೆಸರಿನ ವಿಚಾರ ಯಾಕೆ ಅಂದರೆ, ಜನ ಅಂಗಡಿಯನ್ನು ಹೇಗೆ ಸೇವ್ ಮಾಡುತ್ತಾರೋ ಸ್ಟೇಟಸ್ಸಿನ ಸಾಲಿನಲ್ಲಿ ಹಾಗೆಯೇ ಕಾಣುತ್ತದೆ. ‘ಮೀನು’ ಎಂದು ಮಾತ್ರ ಇಟ್ಟುಕೊಂಡವರ ಫೋನಿನಲ್ಲಿ ಇನ್ನೆರಡು ‘ಮೀನು’ಗಳಿರುತ್ತವೆ. ಒಬ್ಬರು ಇವರನ್ನು ‘ಪಂಕ್ಚರ್ ಹತ್ರ’ ಎಂದು ಇಟ್ಟುಕೊಂಡಿದ್ದರಂತೆ. ಪಕ್ಕದ ಪಂಕ್ಚರ್ ಅಂಗಡಿ ಎತ್ತಂಗಡಿಯಾಗಿ ಎರಡು ವರ್ಷವಾಯಿತು.

ದುಬೈಯಲ್ಲಿರುವ ಮಗನ ಕಥೆಯೂ ಒಂದಿದೆ. ಇಲ್ಲಿರುವ ತಾಯಿಗೆ ಮೀನು ಆರಿಸಿ, ದುಡ್ಡು ಕಟ್ಟಿ, ಆಟೊದಲ್ಲಿ ಮನೆಗೆ ಕಳಿಸಿ ಎನ್ನುವ ಮಗ. ಅವನು ಅಂಗಡಿಯನ್ನು ಸೇವ್ ಮಾಡಿಕೊಂಡಿದ್ದ, ಅಂಗಡಿಯವರು ಅವನನ್ನು ಸೇವ್ ಮಾಡಿಕೊಂಡಿದ್ದರು, ಆದರೂ ಸ್ಟೇಟಸ್ ಕಾಣದು. ಅವನ ವಾಟ್ಸ್ಯಾಪ್ ಅಲ್ಲಿನ ನಂಬರಿನದು. ಅಂಗಡಿಯ ಹತ್ತು ಅಂಕಿಯನ್ನು +91 ಇಲ್ಲದೆ ಉಳಿಸಿದ್ದರಿಂದ ಫೋನು ಅದನ್ನು ಅಲ್ಲಿನದೇ ಯಾವುದೋ ನಂಬರು ಎಂದುಕೊಂಡಿತ್ತು. ಮುಂದೆ +91 ಸೇರಿಸಿದ್ದೇ ಸರಿಹೋಯಿತು.

ಇನ್ನು ಸ್ಟೇಟಸ್ಸಿನಲ್ಲಿ ಏನು ಹಾಕಬೇಕು ಎಂಬುದು. ಒಂದು ಫೋಟೊ ಪರದೆಯ ಮೇಲೆ ನಿಲ್ಲುವುದು ಕೆಲವೇ ಸೆಕೆಂಡು. ಹೆಬ್ಬೆರಳು ಒತ್ತಿ ಹಿಡಿದರೆ ನಿಲ್ಲುತ್ತದೆ ನಿಜ, ಆದರೆ ಅಷ್ಟು ತಾಳ್ಮೆ ಯಾರಿಗಿದೆ? ಆ ಹೊತ್ತಿನಲ್ಲಿ ಓದಿ ಮುಗಿಯಬೇಕಾದದ್ದು ನಾಲ್ಕು ಸಂಗತಿ: ಮೀನಿನ ಹೆಸರು, ರೇಟು, ಸೈಜು, ತಾರೀಕು. ಸೈಜನ್ನು ದೊಡ್ಡದು ಸಣ್ಣದು ಎಂದರೆ ಜಗಳ. ‘ಕೆ.ಜಿ.ಗೆ 7ರಿಂದ 8’ ಎಂದರೆ ಮನೆಯಲ್ಲಿ ಎಷ್ಟು ಜನ, ಎಷ್ಟು ತೆಗೆದುಕೊಳ್ಳಬೇಕು ಎಂದು ಗಿರಾಕಿಯೇ ಲೆಕ್ಕ ಹಾಕುತ್ತಾರೆ. ಬರಹ ಫೋಟೊದ ನಡುಮಧ್ಯದಲ್ಲಿರಬೇಕು. ತೀರಾ ಮೇಲೆ ಬರೆದರೆ ಅಂಗಡಿಯ ಹೆಸರು ಅಡ್ಡ ಬರುತ್ತದೆ, ತೀರಾ ಕೆಳಗೆ ಬರೆದರೆ ಉತ್ತರ ಬರೆಯುವ ಜಾಗ ಮುಚ್ಚಿಹಾಕುತ್ತದೆ. ಇನ್ನು ಹೆಸರು. ಉಡುಪಿ ಕಡೆಯವರಿಗೆ ಬೂತಾಯಿ ಆದದ್ದು ಕುಂದಾಪುರದವರಿಗೆ ಬೈಗೆ. ಘಟ್ಟದ ಮೇಲಿನ ಊರಿನಲ್ಲಿ ಎರಡೂ ಕಡೆಯವರು ಇರುವುದರಿಂದ ಇವರು ಎರಡೂ ಹೆಸರು ಬರೆಯುತ್ತಾರೆ. ಮೊದಲು ಒಂದೇ ಬರೆದಾಗ ‘ಬೈಗೆ ಇಲ್ವಾ ಇವತ್ತು?’ ಎಂದು ಬೂತಾಯಿಯ ಫೋಟೊಕ್ಕೇ ಉತ್ತರ ಬಂದಿತ್ತಂತೆ.

ತಾರೀಕು ಬರೆಯುವುದು ಅಲಂಕಾರಕ್ಕಲ್ಲ. ಸ್ಟೇಟಸ್ ಇಪ್ಪತ್ನಾಲ್ಕು ಗಂಟೆ ಇರುತ್ತದೆ, ಮೀನು ಇರುವುದು ನಾಲ್ಕೈದು ಗಂಟೆ. ನಡುವಿನ ಈ ಅಂತರದಲ್ಲೇ ಹೆಚ್ಚಿನ ಅಂಗಡಿಯವರು ಗಿರಾಕಿಗಳನ್ನು ಕಳೆದುಕೊಳ್ಳುವುದು. ಒಬ್ಬ ಗಿರಾಕಿ ಹನ್ನೆರಡು ಕಿಲೋಮೀಟರ್ ಬೈಕಿನಲ್ಲಿ ಬಂದು ‘ಅಂಜಲ್ ಎಲ್ಲಿ?’ ಎಂದರೆ, ‘ಅದು ಬೆಳಿಗ್ಗೆಯೇ ಖಾಲಿ’ ಎನ್ನುವುದು ಉತ್ತರವಲ್ಲ. ಅವರ ಫೋನಿನಲ್ಲಿ ಅಂಜಲ್ ಇನ್ನೂ ಮಲಗಿದೆ.

ಖಾಲಿಯಾದಾಗ ‘ಅಂಜಲ್ ಮುಗಿದಿದೆ’ ಎಂದು ಇನ್ನೊಂದು ಸ್ಟೇಟಸ್ ಸೇರಿಸಿದರೆ ಸಾಕಲ್ಲವೇ? ಸಾಲದು. ಒಬ್ಬರದೇ ಸ್ಟೇಟಸ್‌ಗಳು ಹಾಕಿದ ಕ್ರಮದಲ್ಲೇ ಓಡುತ್ತವೆ, ಮೊದಲು ಹಾಕಿದ್ದು ಮೊದಲು. ಮಧ್ಯಾಹ್ನ ಹೊಸದಾಗಿ ತೆರೆದವರು ಬಂಗುಡೆ, ಅಂಜಲ್, ಸಿಗಡಿ ಎಲ್ಲ ದಾಟಿ ಕೊನೆಗೆ ‘ಮುಗಿದಿದೆ’ ಎಂಬಲ್ಲಿಗೆ ತಲುಪಬೇಕು. ಅಂಜಲ್ ನೋಡಿದವರು ಅಲ್ಲೇ ಸ್ಟೇಟಸ್ ಮುಚ್ಚಿ ಚಪ್ಪಲಿ ಮೆಟ್ಟಿರುತ್ತಾರೆ. ಆದ್ದರಿಂದ ಖಾಲಿಯಾದ ಮೀನಿನ ಫೋಟೊವನ್ನೇ ಅಳಿಸಬೇಕು. My status ತೆರೆದು, ಆ ಫೋಟೊದ ಪಕ್ಕದ ಚುಕ್ಕಿಗಳನ್ನು ಒತ್ತಿ Delete ಕೊಟ್ಟರೆ ಎಲ್ಲರ ಫೋನಿನಿಂದಲೂ ಹೋಗುತ್ತದೆ. ಒಂದೊಂದು ಮೀನಿಗೆ ಒಂದೊಂದು ಫೋಟೊ ಹಾಕುವುದರ ಲಾಭವೂ ಇದೇ. ಎಲ್ಲ ಮೀನನ್ನೂ ಒಂದೇ ಫೋಟೊದಲ್ಲಿ ಜೋಡಿಸಿ ಚೆಂದ ಮಾಡಿದರೆ ಒಂದು ಮುಗಿದಾಗ ಎಲ್ಲವನ್ನೂ ಅಳಿಸಬೇಕಾಗುತ್ತದೆ, ಇಲ್ಲವೇ ಸುಳ್ಳನ್ನು ಹಾಗೇ ಬಿಡಬೇಕಾಗುತ್ತದೆ.

ಒಂದು ಬುಧವಾರದ ವಹಿವಾಟು ನೋಡಿ. ಬಂದದ್ದು ಬಂಗುಡೆ ಮೂವತ್ತು ಕೆ.ಜಿ., ಬೂತಾಯಿ ಇಪ್ಪತ್ತು, ಅಂಜಲ್ ಆರು, ಸಿಗಡಿ ನಾಲ್ಕು. ಎಂಟೂ ಮುಕ್ಕಾಲಿಗೆ ನಾಲ್ಕು ಫೋಟೊ. ಹತ್ತೂವರೆಯೊಳಗೆ ಹತ್ತೊಂಬತ್ತು ಮೆಸೇಜು ಬಂದವು. ಸ್ಟೇಟಸ್ಸಿಗೆ ಉತ್ತರ ಬರೆದರೆ ಅದು ಚಾಟಿನಲ್ಲಿ ಆ ಫೋಟೊ ಸಮೇತ ಬರುವುದರಿಂದ ‘ಇದು ಒಂದು ಕೆ.ಜಿ.’ ಎಂದಷ್ಟೇ ಬರೆದರೂ ಯಾವುದು ಎಂದು ತಿಳಿಯುತ್ತದೆ. ಬರೀ ರೇಟು ಕೇಳಿದವರು ಐದು ಜನ. ರೇಟು ಬರೆದಿದ್ದರೂ ಕೇಳುವವರು ಇದ್ದೇ ಇರುತ್ತಾರೆ. ತೆಗೆದಿಡಿ ಎಂದವರು ಹದಿನಾಲ್ಕು. ಅವರಲ್ಲಿ ಅಂಜಲ್ ಕೇಳಿದವರು ಏಳು ಜನ, ತಲಾ ಒಂದು ಕೆ.ಜಿ. ಇರುವುದು ಆರು ಕೆ.ಜಿ., ಅದರಲ್ಲಿ ಎರಡು ಕೆ.ಜಿ. ಆಗಲೇ ಅಂಗಡಿಗೆ ಬಂದವರ ಚೀಲ ಸೇರಿತ್ತು.

ಇಂಥಲ್ಲಿ ಅಂಗಡಿಯವರು ಮೆಸೇಜಿನ ಪಕ್ಕದ ಗಂಟೆಯನ್ನು ನೋಡುತ್ತಾರೆ. ಮೊದಲ ನಾಲ್ವರಿಗೆ ಹೂಂ, ಉಳಿದ ಮೂವರಿಗೆ ಇಲ್ಲ, ಆ ಕೂಡಲೇ ಅಂಜಲ್ ಫೋಟೊ ಡಿಲೀಟ್. ಪರಿಚಯದವರು, ದೊಡ್ಡವರು ಎಂದು ನೋಡಿದರೆ ಒಂದೇ ವಾರದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುತ್ತಾರೆ. ಇವರು ಬಳಸುವುದು 2018ರಲ್ಲಿ ಬಂದ ವಾಟ್ಸ್ಯಾಪ್ ಬಿಸಿನೆಸ್ ಆ್ಯಪು. ಅದರಲ್ಲಿ ಪದೇ ಪದೇ ಬರೆಯುವ ಉತ್ತರವನ್ನು ಮೊದಲೇ ಬರೆದಿಟ್ಟು, / ಒತ್ತಿ ಆರಿಸಿಕೊಳ್ಳಬಹುದು. ಇವರು ಬರೆದಿಟ್ಟದ್ದು ಹೀಗಿದೆ: ‘ತೆಗೆದಿಟ್ಟಿದ್ದೇವೆ. ಹನ್ನೊಂದೂವರೆಯೊಳಗೆ ಬನ್ನಿ. ಆಮೇಲೆ ಬೇರೆಯವರಿಗೆ ಕೊಡುತ್ತೇವೆ.’ ಕೊನೆಯ ವಾಕ್ಯ ಸ್ವಲ್ಪ ಒರಟು ಅನಿಸಿ ನಾನು ಕೇಳಿದೆ. ‘ಅದಿಲ್ಲದಿದ್ದಾಗ ಮೂರು ಗಂಟೆಗೆ ಬರ್ತಿದ್ರು ಸಾರ್, ಬಂದು ಮೀನು ಮೆತ್ತಗಾಗಿದೆ ಅಂತ ಬೈತಿದ್ರು’ ಎಂದರು. ಆ ಬುಧವಾರ ತೆಗೆದಿಡಿ ಎಂದ ಹದಿನಾಲ್ಕರಲ್ಲಿ ಒಪ್ಪಿಕೊಂಡದ್ದು ಹನ್ನೊಂದು. ಒಂಬತ್ತು ಜನ ಬಂದರು. ಬಾರದ ಇಬ್ಬರ ಬಂಗುಡೆ ಹನ್ನೆರಡರೊಳಗೆ ಬೇರೆಯವರಿಗೆ ಹೋಯಿತು.

ಅವರ ಗಲ್ಲಾದಲ್ಲಿ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಸ್ಟೇಟಸ್ ಎಷ್ಟು ಜನ ನೋಡಿದರು ಎಂಬುದಕ್ಕಿಂತ ಎಷ್ಟು ಜನ ಉತ್ತರ ಕೊಟ್ಟರು, ಎಷ್ಟು ಕೆ.ಜಿ. ಹೋಯಿತು ಎಂಬುದಕ್ಕೇ ಹೆಚ್ಚು ಜಾಗ. ಇದು ಸರಿಯಾದ ಅಳತೆ ಅಂತ ನನಗೂ ಅನಿಸುತ್ತದೆ. ನೋಡಿದವರ ಲೆಕ್ಕ ಪೂರಾ ನಂಬುವಂಥದ್ದಲ್ಲ. ನೀಲಿ ಟಿಕ್ ಆಫ್ ಮಾಡಿಟ್ಟವರು ನೋಡಿದರೂ ಅವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಅಂಗಡಿಯವನೇ ತನ್ನದನ್ನು ಆಫ್ ಮಾಡಿದ್ದರೆ ಅವನಿಗೆ ಯಾರ ಹೆಸರೂ ಕಾಣುವುದಿಲ್ಲ. ಇನ್ನು ಕೆಲವರು ಅಂಗಡಿಯ ಸ್ಟೇಟಸ್ಸನ್ನು ಮ್ಯೂಟ್ ಮಾಡಿರುತ್ತಾರೆ. ಮ್ಯೂಟ್ ಮಾಡಿದ್ದು ಅಂಗಡಿಯವನಿಗೆ ಗೊತ್ತಾಗುವುದಿಲ್ಲ. ದಿನಾ ನೋಡುತ್ತಿದ್ದ ಹೆಸರೊಂದು ಎರಡು ವಾರ ಪಟ್ಟಿಯಲ್ಲಿ ಬರದಿದ್ದರೆ ಅನುಮಾನ ಪಡಬಹುದು. ಹೊಸ ಫೋನು ಕೊಂಡು ಹಳೆಯ ನಂಬರುಗಳನ್ನೆಲ್ಲ ಕಳೆದುಕೊಂಡಿರಲೂಬಹುದು. ಅಂಥವರು ಅಂಗಡಿಗೆ ಬಂದಾಗ ಹುಡುಗ ಸುಮ್ಮನೆ ಕೇಳುತ್ತಾನೆ, ‘ಅಣ್ಣ, ನಮ್ಮ ಸ್ಟೇಟಸ್ ಕಾಣ್ತದಾ?’

ಮ್ಯೂಟ್ ಆಗಲು ದೊಡ್ಡ ಕಾರಣ ಅತಿಯಾಗಿ ಹಾಕುವುದು. ಸ್ಟೇಟಸ್ಸಿನ ಸುತ್ತಲಿನ ಹಸಿರು ಉಂಗುರ ಎಷ್ಟು ತುಂಡಾಗಿದೆಯೋ ಅಷ್ಟು ಸ್ಟೇಟಸ್ ಇದೆ ಎಂದರ್ಥ. ಚುಕ್ಕಿ ಚುಕ್ಕಿ ಉಂಗುರ ಕಂಡರೆ ತೆರೆಯುವ ಮನಸ್ಸೇ ಬರದು. ಶುಭೋದಯ, ಸಿನಿಮಾ ಹಾಡು, ಮಗನ ಬರ್ತ್‌ಡೇ ಎಲ್ಲವೂ ಅಂಗಡಿಯ ನಂಬರಿನಲ್ಲೇ ಬಂದರೆ ಬಂಗುಡೆ ಅದರಡಿ ಸಿಕ್ಕಿಹಾಕಿಕೊಳ್ಳುತ್ತದೆ. ಇವರು ಅಂಗಡಿಗೇ ಬೇರೆ ಸಿಮ್ ಇಟ್ಟದ್ದು ಇದಕ್ಕೇ. ಒಂದೇ ನಂಬರನ್ನು ಮಾಮೂಲಿ ವಾಟ್ಸ್ಯಾಪಿನಲ್ಲೂ ಬಿಸಿನೆಸ್ ಆ್ಯಪಿನಲ್ಲೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಬೇರೆ ಸಿಮ್ ಇದ್ದರೂ ಒಂದು ಮುಜುಗರ ತಪ್ಪಲಿಲ್ಲ. ಮೀನು ತಿನ್ನದವರೂ ಅಂಗಡಿಯ ಫೋನಿನಲ್ಲಿದ್ದರು: ಕಟ್ಟಡದ ಮಾಲೀಕರು, ಲೆಕ್ಕ ಬರೆಯುವವರು, ಕರೆಂಟು ರಿಪೇರಿಯವರು. ಕಟ್ಟಡದ ಮಾಲೀಕರು ಸ್ನಾನ, ಪೂಜೆ ಮುಗಿಸಿ ಫೋನು ತೆರೆದರೆ ಮೊದಲಿಗೇ ಕತ್ತರಿಸಿದ ಅಂಜಲ್. ಬಾಡಿಗೆ ಏರಿಸುವ ಮಾತು ಬಂದಾಗ ಅದೂ ಜೊತೆಯಲ್ಲಿ ಬಂತು! ಸ್ಟೇಟಸ್ಸಿನ ಪ್ರೈವೆಸಿಯಲ್ಲಿ My contacts except… ಆರಿಸಿ ಅಂಥವರ ಹೆಸರಿಗೆ ಗುರುತು ಹಾಕಿದರೆ ಅವರಿಗೆ ಕಾಣುವುದಿಲ್ಲ. ಆದರೆ ಬದಲಾವಣೆ ಮುಂದೆ ಹಾಕುವ ಸ್ಟೇಟಸ್ಸಿಗೆ ಮಾತ್ರ ಅನ್ವಯ. ಆಗಲೇ ಹಾಕಿದ್ದು ಕಾಣುತ್ತಲೇ ಇರುತ್ತದೆ. ಇದನ್ನು ತಿಳಿಯದೆ ಇವರು ಮಾಲೀಕರ ಹೆಸರಿಗೆ ಗುರುತು ಹಾಕಿ ‘ಇನ್ನು ಕಾಣಲ್ಲ’ ಎಂದು ಫೋನು ಮಾಡಿ ಹೇಳಿದ್ದರು. ಅವತ್ತು ಸಂಜೆಯವರೆಗೂ ಅಂಜಲ್ ಅಲ್ಲೇ ಇತ್ತು.

ಇನ್ನು ಆಫರ್. ಮಧ್ಯಾಹ್ನ ಎರಡಕ್ಕೆ ಐದು ಕೆ.ಜಿ. ಬೂತಾಯಿ ಉಳಿದರೆ ರೇಟು ಇಳಿಸಿ ಸ್ಟೇಟಸ್ ಹಾಕುವುದು ಸಹಜ. ಹೊಸ ಸ್ಟೇಟಸ್ ಹಾಕಿದ್ದರಿಂದ ಅಂಗಡಿಯ ಹೆಸರು ಮತ್ತೆ ಸಾಲಿನ ಮುಂದಕ್ಕೆ ಬರುತ್ತದೆ, ಅರ್ಧ ಗಂಟೆಯಲ್ಲಿ ಮೀನು ಹೋಗುತ್ತದೆ. ಇವರು ಒಂದು ತಿಂಗಳು ಹೀಗೆ ದಿನಾ ಮಾಡಿದರು. ಮೂರನೆಯ ವಾರಕ್ಕೆ ಬೆಳಗಿನ ವ್ಯಾಪಾರ ಸಡಿಲವಾಗಿತ್ತು. ಎರಡು ಗಂಟೆಗೆ ಕಡಿಮೆಗೆ ಸಿಗುವ ಬೂತಾಯಿಯನ್ನು ಒಂಬತ್ತಕ್ಕೆ ಪೂರಾ ಕೊಟ್ಟು ಯಾರು ಒಯ್ಯುತ್ತಾರೆ? ಅದರ ಮೇಲೆ, ಬೆಳಿಗ್ಗೆ ಹೆಚ್ಚು ಕೊಟ್ಟು ಒಯ್ದ ಹಳೆಯ ಗಿರಾಕಿಯೇ ಮಧ್ಯಾಹ್ನ ಆ ಸ್ಟೇಟಸ್ ನೋಡುತ್ತಾರೆ. ಅವರು ಏನೂ ಹೇಳುವುದಿಲ್ಲ, ಮರುದಿನ ಬರುವುದಿಲ್ಲ ಅಷ್ಟೇ.

ಈಗ ಅವರು ರೇಟು ಇಳಿಸುವುದು ವಾರಕ್ಕೆ ಒಮ್ಮೆಯೋ ಎರಡು ಸಲವೋ, ಯಾವ ದಿನ ಎಂದು ಮೊದಲೇ ತಿಳಿಯದ ಹಾಗೆ. ಬಾಕಿ ದಿನ ಉಳಿದದ್ದಕ್ಕೆ ಬೇರೆ ಉಪಾಯ: ಎರಡು ಕೆ.ಜಿ. ಒಯ್ದರೆ ಕೊಯ್ದು ಮಸಾಲೆ ಸವರಿ ಕೊಡುವುದು. ಕೆಲಸ ಹೆಚ್ಚು, ಆದರೆ ಬೆಳಗಿನ ಗಿರಾಕಿಗೆ ತಾನು ಮೋಸಹೋದೆ ಅನಿಸುವುದಿಲ್ಲ. ಉಳಿಯುವುದು ತೀರಾ ಜಾಸ್ತಿಯಾದರೆ ಮರುದಿನ ಮಲ್ಪೆಗೆ ಹೇಳುವ ತೂಕವನ್ನೇ ಇಳಿಸುತ್ತಾರೆ. ಅದಕ್ಕೂ ನೋಟ್‌ಬುಕ್ಕೇ ಆಧಾರ. ಶನಿವಾರ, ಸೋಮವಾರ ಉತ್ತರ ಕಡಿಮೆ, ಭಾನುವಾರ ಫೋನು ಕೆಳಗಿಡಲು ಪುರುಸೊತ್ತಿಲ್ಲ.

ಜೂನ್ ಒಂದಕ್ಕೆ ಲೆಕ್ಕವೆಲ್ಲ ತಲೆಕೆಳಗು. ಪಶ್ಚಿಮ ಕರಾವಳಿಯಲ್ಲಿ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ನಂತರ ತಮಿಳುನಾಡಿನ ಕಡೆಯ ಮೀನು ಐಸಿನಲ್ಲಿ ದೂರದಿಂದ ಬರುತ್ತದೆ. ಕೆರೆಯ ಕಾಟ್ಲಾ, ರೋಹು, ಒಣಮೀನು ಇರುತ್ತವೆ. ಈ ಎರಡು ತಿಂಗಳು ‘ತಾಜಾ ಮಲ್ಪೆ ಮೀನು’ ಎಂಬ ಹಳೆಯ ಫೋಟೊವನ್ನೇ ಹಾಕುವ ಆಸೆ ಯಾರಿಗೂ ಬರುತ್ತದೆ. ಗಿರಾಕಿಗಳು ಮೀನಿಗಿಂತ ಮೊದಲು ಟ್ರೇಯನ್ನು ಗುರುತು ಹಿಡಿಯುತ್ತಾರೆ. ಮೇ ತಿಂಗಳ ಫೋಟೊದ ನೀಲಿ ಟ್ರೇಯ ಮೂಲೆ ಒಡೆದಿತ್ತು. ಜೂನಿನಲ್ಲಿ ಅದೇ ಒಡೆದ ಮೂಲೆ, ಅದೇ ಜಾಗದಲ್ಲಿ ಅದೇ ಬಂಗುಡೆಯ ಬಾಲ. ಒಬ್ಬ ಕಾಲೇಜು ಹುಡುಗಿ ಎರಡೂ ಸ್ಕ್ರೀನ್‌ಶಾಟನ್ನು ಪಕ್ಕಪಕ್ಕ ಇಟ್ಟು ಕಳಿಸಿ, ಕೆಳಗೆ ಒಂದು ನಗುವ ಮುಖ ಮಾತ್ರ ಹಾಕಿದ್ದಳಂತೆ. ಅವತ್ತಿನಿಂದ ಇವರ ಮಳೆಗಾಲದ ಸ್ಟೇಟಸ್ಸಿನಲ್ಲಿ ‘ಐಸ್ ಮೀನು, ತಮಿಳುನಾಡು ಕಡೆಯದು’ ಎಂಬ ಸಾಲು ಇರುತ್ತದೆ. ಉತ್ತರ ಕಡಿಮೆ ಬರುತ್ತವೆ. ಬಂದವರು ಮಾತ್ರ ಎಲ್ಲಿಯದು ಎಂದು ಕೇಳುವುದಿಲ್ಲ.

ಈಗ ನೂರೈವತ್ತು ಇದ್ದದ್ದು ನಾಲ್ಕು ನೂರರ ಹತ್ತಿರ ಬಂದಿದೆ, ಹೆಚ್ಚುಕಡಿಮೆ ಒಂದು ವರ್ಷದ ಕೆಲಸ, ದಿನಕ್ಕೆ ಒಬ್ಬರೋ ಇಬ್ಬರೋ. ನಾನೂ ಅವರಲ್ಲಿ ಒಬ್ಬ. ಮೊನ್ನೆ ಭಾನುವಾರ ತಡವಾಗಿ ಎದ್ದು, ಹನ್ನೆರಡೂವರೆಗೆ ಫೋನು ತೆರೆದರೆ ಅಂಗಡಿಯ ಹೆಸರು ಸ್ಟೇಟಸ್ಸಿನ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಗಾಡಿ ಬಂದಿಲ್ಲವೇನೋ ಎಂದುಕೊಂಡು ಮನೆಯಲ್ಲಿ ಹೇಳಿದೆ. ‘ಗಾಡಿ ಬಂದಿತ್ತು, ಬೆಳಿಗ್ಗೆ ನಾನು ನೋಡಿದೆ, ಎಲ್ಲ ಖಾಲಿಯಾಗಿ ಅಳಿಸಿದ್ದಾರೆ’ ಎಂದಳು ಹೆಂಡತಿ, ಬದನೆಕಾಯಿ ಹೆಚ್ಚುತ್ತಾ.